ಭಾವಚಿತ್ರಕ್ಕೆ ಮೂಗುತಿ ತೊಡಿಸುವುದು ಹೇಗೆ: ಮೊದಲು ಚರ್ಮ, ಆಮೇಲೆ ಚಿನ್ನ

ಭಾವಚಿತ್ರ ಮುಗಿದು, ಕಣ್ಣು, ತುಟಿ, ಕೂದಲು ಎಲ್ಲದಕ್ಕೂ ಒಪ್ಪಿಗೆ ಸಿಕ್ಕ ಮೇಲೆ ಮನೆಯವರಿಂದ ಬರುವ ಕೋರಿಕೆಗಳಲ್ಲಿ ಇದೊಂದು: "ಅಮ್ಮ ಯಾವಾಗಲೂ ಮೂಗುತಿ ಹಾಕಿಕೊಂಡಿರುತ್ತಿದ್ದರು. ಈ ಫೋಟೋದಲ್ಲಿ ಅದು ಕಾಣಿಸುತ್ತಿಲ್ಲ. ಸೇರಿಸಿಕೊಡುತ್ತೀರಾ?" ಕೇಳುವುದಕ್ಕೆ ಇದು ಚಿಕ್ಕ ಕೆಲಸ. ಹೊಸದಾಗಿ ಡಿಜಿಟಲ್ ಚಿತ್ರ ಬರೆಯುವವರು ಹೊಳ್ಳೆಯ ಮೇಲೆ ಒಂದು ಹಳದಿ ಚುಕ್ಕೆ ಇಟ್ಟು, ಅದರ ಮೇಲೊಂದು ಬಿಳಿ ಚುಕ್ಕೆ ಇಡುತ್ತಾರೆ. ಮೂಗುತಿ ಅಂಟಿಸಿದ ಹಾಗೆ ಕಾಣುತ್ತದೆ. ಹೊಳಪು ಸಾಲದೇನೋ ಎಂದು ಬಿಳಿಯನ್ನು ಹೆಚ್ಚಿಸುತ್ತಾರೆ. ಆಗಲೂ ಅದು ಮುಖಕ್ಕೆ ಸೇರುವುದಿಲ್ಲ.

ತೊಂದರೆ ಆಭರಣದಲ್ಲಿರುವುದಿಲ್ಲ, ಅದರ ಸುತ್ತಲಿನ ಚರ್ಮದಲ್ಲಿರುತ್ತದೆ. ನಿಜವಾದ ಮೂಗುತಿಯ ಕಡ್ಡಿ ಹೊಳ್ಳೆಯನ್ನು ತೂರಿ ಒಳಗೆ ಹೋಗಿರುತ್ತದೆ. ಒಳಗಿನಿಂದ ತಿರುಪು ಬಿಗಿದಾಗ ಮೂಗುತಿಯ ತಳ ಚರ್ಮವನ್ನು ಸ್ವಲ್ಪ ಅದುಮುತ್ತದೆ, ಸುತ್ತಲೂ ಬಹಳ ತೆಳುವಾದ ತಗ್ಗು ಮೂಡುತ್ತದೆ. ಈ ತಗ್ಗನ್ನು ನೋಡುವವರು ಗುರುತಿಸಿ ಹೇಳಲಾರರು, ಆದರೆ ಅದಿಲ್ಲದಿದ್ದರೆ ಏನೋ ತಪ್ಪಿದೆ ಎಂದು ತಕ್ಷಣ ಅನ್ನಿಸುತ್ತದೆ. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಮೊದಲು ತಗ್ಗು, ಆಮೇಲೆ ನೆರಳು, ಆಮೇಲೆ ಲೋಹ, ಎಲ್ಲಕ್ಕಿಂತ ಕೊನೆಗೆ ಹೊಳಪು.

ಉದಾಹರಣೆಗೆ ಒಂದು ಚಿತ್ರವನ್ನು ಇಟ್ಟುಕೊಳ್ಳೋಣ. ಅಗಲ 2400, ಎತ್ತರ 3000 ಪಿಕ್ಸೆಲ್. ಸುಮಾರು ಐವತ್ತು ವರ್ಷದ ಮಹಿಳೆ, ಗೋಧಿಗಿಂತ ಕೊಂಚ ಗಾಢವಾದ ಮೈಬಣ್ಣ. ಮುಖ ನಮ್ಮ ಬಲಕ್ಕೆ ಅರೆ ತಿರುಗಿದೆ. ಹೀಗಾಗಿ ಅವರ ಬಲಗೆನ್ನೆ ಮತ್ತು ಬಲಹೊಳ್ಳೆ ನಮಗೆ ಪೂರ್ತಿ ಕಾಣುತ್ತವೆ. ಬೆಳಕು ನಮ್ಮ ಎಡ ಮೇಲ್ಭಾಗದ ಕಿಟಕಿಯಿಂದ ಬರುತ್ತಿದೆ. ತೊಡಿಸಬೇಕಾದದ್ದು ಮೂರು ಮಿಲಿಮೀಟರಿನ, ಹರಳಿಲ್ಲದ, ಗುಂಡನೆಯ ಚಿನ್ನದ ಮೂಗುತಿ. ನಾನು ಉಚಿತವಾಗಿ ಸಿಗುವ ಕ್ರಿಟಾ ತಂತ್ರಾಂಶದ ಹೆಸರುಗಳನ್ನು ಬಳಸುತ್ತೇನೆ. ಲೇಯರ್ ಇರುವ ಯಾವ ತಂತ್ರಾಂಶದಲ್ಲಾದರೂ ಕೆಲಸ ಇದೇ.

ಬ್ರಷ್ ಹಿಡಿಯುವ ಮುನ್ನ: ಯಾವ ಕಡೆ, ಎಷ್ಟು ದೊಡ್ಡದು

ಯಾವ ಹೊಳ್ಳೆ ಎಂಬುದನ್ನು ಮನೆಯವರನ್ನು ಕೇಳಿಯೇ ತಿಳಿಯಬೇಕು. ನಮ್ಮಲ್ಲಿ ಬಲಕ್ಕೂ ಚುಚ್ಚಿಸುತ್ತಾರೆ, ಎಡಕ್ಕೂ ಚುಚ್ಚಿಸುತ್ತಾರೆ, ಎರಡೂ ಕಡೆ ತೊಡುವವರೂ ಇದ್ದಾರೆ. "ಬಲ" ಎಂದು ಅವರು ಹೇಳಿದಾಗ ತೊಟ್ಟವರ ಬಲವೋ ಚಿತ್ರ ನೋಡುವವರ ಬಲವೋ ಎಂದು ಇನ್ನೊಮ್ಮೆ ಕೇಳಿ. ಅವರು ಕಳಿಸಿದ ಫೋಟೋ ಸೆಲ್ಫಿಯಾಗಿದ್ದರೆ ಕನ್ನಡಿಯ ಬಿಂಬದಂತೆ ಎಡಬಲ ಅದಲುಬದಲಾಗಿರುವ ಸಾಧ್ಯತೆ ಇದೆ. ಸೀರೆಯ ಸೆರಗು ಎಡಭುಜದ ಮೇಲಿದೆಯೇ ಎಂದು ನೋಡುವುದು ಒಂದು ಸುಲಭ ಪರೀಕ್ಷೆ. ಆದರೆ ಕೊಡವ ಶೈಲಿಯಲ್ಲಿ ಸೆರಗು ಬಲಭುಜದ ಮೇಲೆ ಬರುತ್ತದೆ. ಹಾಗಾಗಿ ಅದೊಂದನ್ನೇ ನಂಬಬಾರದು. ಹಿನ್ನೆಲೆಯಲ್ಲಿ ಕ್ಯಾಲೆಂಡರೋ ಅಂಗಡಿಯ ಫಲಕವೋ ಇದ್ದರೆ ಅಕ್ಷರಗಳು ಸತ್ಯ ಹೇಳುತ್ತವೆ.

ಗಾತ್ರವನ್ನು ಕಣ್ಣಳತೆಗೆ ಬಿಟ್ಟರೆ ಯಾವಾಗಲೂ ದೊಡ್ಡದಾಗುತ್ತದೆ, ಏಕೆಂದರೆ ನಾವು ಮೂಗನ್ನು ಹಿಗ್ಗಿಸಿ ನೋಡುತ್ತಾ ಕೆಲಸ ಮಾಡುತ್ತಿರುತ್ತೇವೆ. ಇದಕ್ಕೆ ಮುಖದಲ್ಲಿಯೇ ಒಂದು ಅಳತೆಪಟ್ಟಿ ಇದೆ. ವಯಸ್ಕರ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ವೃತ್ತ ಹೆಚ್ಚುಕಡಿಮೆ ಎಲ್ಲರಲ್ಲೂ 12 ಮಿಲಿಮೀಟರ್ ಅಗಲವಿರುತ್ತದೆ. ಚಿತ್ರದಲ್ಲಿ ಆ ವೃತ್ತದ ಅಗಲ ಎಷ್ಟು ಪಿಕ್ಸೆಲ್ ಎಂದು ಅಳೆಯಿರಿ. ಮುಖ ಅರೆ ತಿರುಗಿದ್ದರೆ ಆ ವೃತ್ತ ಅಡ್ಡಲಾಗಿ ಸ್ವಲ್ಪ ಕಿರಿದಾಗಿರುತ್ತದೆ, ಆದ್ದರಿಂದ ನಮಗೆ ಹತ್ತಿರದ ಕಣ್ಣಿನ ಅತಿ ಅಗಲವಾದ ದಿಕ್ಕನ್ನೇ ಅಳೆಯಬೇಕು. ನಮ್ಮ ಚಿತ್ರದಲ್ಲಿ ಅದು 96 ಪಿಕ್ಸೆಲ್ ಇದೆ ಎನ್ನೋಣ. ಅಂದರೆ ಒಂದು ಮಿಲಿಮೀಟರಿಗೆ 8 ಪಿಕ್ಸೆಲ್. ಮೂರು ಮಿಲಿಮೀಟರಿನ ಮೂಗುತಿ 24 ಪಿಕ್ಸೆಲ್ ಆಗುತ್ತದೆ. ಕಣ್ಣಿನ ವೃತ್ತದ ಕಾಲು ಭಾಗ. ಹರಳುಗಳ ಬೇಸರಿಯಾದರೆ ಆರೇಳು ಮಿಲಿಮೀಟರ್ ಇರಬಹುದು, ಆಗಲೂ ಅದು ಕಣ್ಣಿನ ವೃತ್ತದ ಅರ್ಧದಷ್ಟೇ. ತೀರಾ ಹತ್ತಿರದಿಂದ ತೆಗೆದ ಫೋಟೋದಲ್ಲಿ ಮೂಗು ಕಣ್ಣಿಗಿಂತ ಮುಂದಿರುವುದರಿಂದ ಒಂದೆರಡು ಪಿಕ್ಸೆಲ್ ಹೆಚ್ಚಿಸಿಕೊಳ್ಳಬಹುದು, ಅದಕ್ಕಿಂತ ಹೆಚ್ಚು ಬೇಡ.

ಇನ್ನು ಜಾಗ. ಹೊಳ್ಳೆಯ ಉಬ್ಬು ಮೇಲೆ ಹೋಗುತ್ತಾ ಮೂಗಿನ ಪಕ್ಕದ ಗೋಡೆಯನ್ನು ಸೇರುವಲ್ಲಿ ಒಂದು ಮೆತ್ತನೆಯ ಕಮಾನಿನಂಥ ಗೆರೆ ಇರುತ್ತದೆ. ಮೂಗುತಿ ಕೂರುವುದು ಆ ಗೆರೆಯ ಮೇಲೆ ಅಥವಾ ಅದರ ಸ್ವಲ್ಪ ಕೆಳಗೆ. ಹೊಳ್ಳೆಯ ಅಂಚಿಗೆ ತೀರಾ ಹತ್ತಿರ ಇಟ್ಟರೆ ಜಾರಿಬಿದ್ದಂತೆ ಕಾಣುತ್ತದೆ, ಮೂಗಿನ ತುದಿಯ ಕಡೆಗೆ ಸರಿಸಿದರೆ ಮಚ್ಚೆಯಂತೆ ಕಾಣುತ್ತದೆ.

ಮುಖ ನೇರವಾಗಿ ನಮ್ಮನ್ನೇ ನೋಡುತ್ತಿದ್ದರೆ ಇನ್ನೊಂದು ಎಚ್ಚರ ಬೇಕು. ಆಗ ಹೊಳ್ಳೆಯ ಮೇಲ್ಮೈ ನಮ್ಮ ಕಡೆಗಿರುವುದಿಲ್ಲ, ಪಕ್ಕಕ್ಕೆ ತಿರುಗಿರುತ್ತದೆ. ಗುಂಡು ಮೂಗುತಿ ಆಗಲೂ ಬಹುಮಟ್ಟಿಗೆ ಗುಂಡಾಗಿಯೇ ಕಾಣುತ್ತದೆ, ಆದರೆ ಚಪ್ಪಟೆ ಬಿಲ್ಲೆಯಂಥ ಬೇಸರಿ ಅಂಡಾಕಾರವಾಗುತ್ತದೆ. ಆ ಮೇಲ್ಮೈ 45 ಡಿಗ್ರಿ ತಿರುಗಿದ್ದರೆ ಬೇಸರಿಯ ಅಗಲ ಎತ್ತರದ ಮುಕ್ಕಾಲಿಗೂ ಕಡಿಮೆ, 60 ಡಿಗ್ರಿ ತಿರುಗಿದ್ದರೆ ಅರ್ಧ. ನಮ್ಮ ಚಿತ್ರದಲ್ಲಿ ಮುಖ ಅರೆ ತಿರುಗಿ ಬಲಹೊಳ್ಳೆ ನಮ್ಮ ಕಡೆಗೇ ಇರುವುದರಿಂದ ವೃತ್ತವನ್ನೇ ಬರೆಯಬಹುದು.

ತಗ್ಗು

ಭಾವಚಿತ್ರದ ಮೇಲೆ ನಾಲ್ಕು ಹೊಸ ಲೇಯರ್ ಮಾಡಿ, ಕೆಳಗಿನಿಂದ ಮೇಲಕ್ಕೆ ತಗ್ಗು, ನೆರಳು, ಲೋಹ, ಹೊಳಪು ಎಂದು ಹೆಸರಿಡಿ. ಲೋಹದ ಲೇಯರಿನಲ್ಲಿ 24 ಪಿಕ್ಸೆಲಿನ ಒಂದು ಬೂದು ವೃತ್ತ ಇಟ್ಟು ಜಾಗ ಗುರುತು ಮಾಡಿಕೊಳ್ಳಿ, ಆಮೇಲೆ ಆ ಲೇಯರನ್ನು ಮರೆಮಾಡಿ. ಈಗ ನಮ್ಮ ಮುಂದೆ ಬರೀ ಚರ್ಮ ಇದೆ.

ಇಲ್ಲಿ ಬೆಳಕಿನ ಲೆಕ್ಕ ತಿಳಿದಿರಬೇಕು. ಬೆಳಕು ಎಡ ಮೇಲಿನಿಂದ ಬರುತ್ತಿದೆ. ಉಬ್ಬಿದ ವಸ್ತುವಾದರೆ ಅದರ ಎಡ ಮೇಲ್ಭಾಗ ಬೆಳಗುತ್ತದೆ, ಬಲ ಕೆಳಭಾಗ ಕಪ್ಪಾಗುತ್ತದೆ. ತಗ್ಗಿನಲ್ಲಿ ಇದು ತಿರುಗುಮುರುಗು. ತಗ್ಗಿನ ಎಡ ಮೇಲಿನ ಗೋಡೆ ಬೆಳಕಿಗೆ ಬೆನ್ನು ಹಾಕಿ ಇಳಿಯುತ್ತದೆ, ಆದ್ದರಿಂದ ಅದು ಕಪ್ಪು. ಬಲ ಕೆಳಗಿನ ಗೋಡೆ ಬೆಳಕಿಗೆ ಎದುರಾಗಿ ಏರುತ್ತದೆ, ಆದ್ದರಿಂದ ಅದು ಬೆಳಕು. ಹೆಚ್ಚಿನವರು ಎಡವುವುದು ಇಲ್ಲೇ. ಸುತ್ತಲೂ ಒಂದೇ ಸಮನಾಗಿ ಕಪ್ಪು ಬಳಿದರೆ ಅದು ತಗ್ಗಾಗುವುದಿಲ್ಲ, ಕೊಳೆಯ ಉಂಗುರವಾಗುತ್ತದೆ. ಉಬ್ಬಿನ ಲೆಕ್ಕದಲ್ಲಿ ಬೆಳಕು ಹಾಕಿದರೆ ಮೂಗುತಿಯ ಸುತ್ತ ಬಾವು ಬಂದಂತೆ, ಹೊಸದಾಗಿ ಚುಚ್ಚಿಸಿ ಕೀವು ತುಂಬಿದಂತೆ ಕಾಣುತ್ತದೆ.

ತಗ್ಗಿನ ಲೇಯರನ್ನು `Multiply` ಗೆ ಬದಲಿಸಿ, ಅದರ ಅಪಾರದರ್ಶಕತೆಯನ್ನು 60 ಪ್ರತಿಶತಕ್ಕೆ ಇಡಿ. ಚಿತ್ರದ ಚರ್ಮದ ನಡುಬಣ್ಣ ಸುಮಾರು `#A8714F` ಇದ್ದರೆ, ತಗ್ಗಿಗೆ `#D4A593` ನಂಥ ತಿಳಿಗೆಂಪು ಸಾಕು. ಗುಣಿಸಿದಾಗ ಅದು ಕೆಂಪು ಮಿಶ್ರಿತ ಗಾಢ ಕಂದು ಆಗುತ್ತದೆ. ಕಪ್ಪು ಅಥವಾ ಬೂದು ಬಳಸಬಾರದು. ಹೊಳ್ಳೆಯ ಚರ್ಮ ತೆಳು, ಬೆಳಕು ಅದರೊಳಗೆ ಸ್ವಲ್ಪ ದೂರ ಇಳಿದು ಕೆಂಪಾಗಿ ಹೊರಬರುತ್ತದೆ. ಹೀಗಾಗಿ ಅಲ್ಲಿನ ನೆರಳಿನ ಅಂಚುಗಳಲ್ಲಿ ಯಾವಾಗಲೂ ಬೆಚ್ಚನೆಯ ಬಣ್ಣ ಇರುತ್ತದೆ. ಬೂದು ಹಾಕಿದ ಕೂಡಲೇ ಆ ಭಾಗ ನಿರ್ಜೀವವಾಗುತ್ತದೆ.

`b) Airbrush Soft` ಬ್ರಷ್ಷನ್ನು ಸುಮಾರು 8 ಪಿಕ್ಸೆಲಿಗೆ ಇಳಿಸಿ, ಮೂಗುತಿ ಕೂರುವ ವೃತ್ತದ ಎಡ ಮೇಲಿನ ಅಂಚಿನಲ್ಲಿ ಒಂದು ಎಳೆಯ ಚಂದ್ರನ ಆಕಾರ ಎಳೆಯಿರಿ. ಅದರ ಅಗಲ ಒಂದು ಮಿಲಿಮೀಟರ್, ಅಂದರೆ ಎಂಟು ಪಿಕ್ಸೆಲ್ ದಾಟಬಾರದು. ವೃತ್ತಕ್ಕೆ ತಾಗುವಲ್ಲಿ ಗಾಢವಾಗಿದ್ದು ಹೊರಗೆ ಹೋಗುತ್ತಾ ಚರ್ಮದಲ್ಲಿ ಕರಗಬೇಕು. ಆಮೇಲೆ ಇದರ ಮೇಲೆಯೇ `Normal` ರೀತಿಯ ಇನ್ನೊಂದು ಲೇಯರ್ ಹಾಕಿ, ಬಲ ಕೆಳಗೆ ವೃತ್ತದಿಂದ ಸುಮಾರು ಆರು ಪಿಕ್ಸೆಲ್ ದೂರದಲ್ಲಿ `#C48F6C` ಬಣ್ಣದ, ಮೂರು ಪಿಕ್ಸೆಲ್ ಅಗಲದ ತೆಳು ಬಿಲ್ಲನ್ನು ಅರ್ಧ ಬಲದಲ್ಲಿ ಎಳೆಯಿರಿ. ಆರು ಪಿಕ್ಸೆಲ್ ದೂರ ಏಕೆಂದರೆ, ಅದಕ್ಕಿಂತ ಒಳಗಿನ ಜಾಗ ಮೂಗುತಿಯ ನೆರಳಿಗೆ ಹೋಗಲಿದೆ. ನೆರಳು ಮುಗಿದ ಮೇಲೆ ಕಾಣುವ ಈ ಸಣ್ಣ ಬೆಳಕೇ ಚರ್ಮ ಅದುಮಿದೆ ಎಂಬುದಕ್ಕೆ ಸಾಕ್ಷಿ.

ಹೊಳ್ಳೆಯ ಮೇಲೆ ಮೊದಲೇ ಜಿಡ್ಡಿನ ಹೊಳಪು ಇದ್ದರೆ, ಅದು ಮೂಗುತಿಯ ಪಕ್ಕದಲ್ಲಿ ನೇರವಾಗಿ ಹಾದುಹೋಗಲು ಬಿಡಬೇಡಿ. ತಗ್ಗಿನ ಅಂಚಿಗೆ ಬಂದಲ್ಲಿ ಅದನ್ನು ಸ್ವಲ್ಪ ಬಾಗಿಸಿ ಅಥವಾ ತುಂಡರಿಸಿ. ಬಹಳ ಜನ ಗಮನಿಸದ ಈ ತಿದ್ದುಪಡಿ, ನನ್ನ ಅನುಭವದಲ್ಲಿ, ತಗ್ಗಿನ ಕಪ್ಪಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಈಗ ಪರೀಕ್ಷೆ. ಲೋಹದ ಲೇಯರ್ ಇನ್ನೂ ಮರೆಯಲ್ಲೇ ಇರಲಿ. ಚಿತ್ರವನ್ನು ಪೂರ್ತಿ ಗಾತ್ರಕ್ಕೆ ಇಳಿಸಿ ನೋಡಿ. ಹೊಳ್ಳೆಯ ಮೇಲೆ ಈಗಷ್ಟೇ ಮೂಗುತಿ ತೆಗೆದಿಟ್ಟಂಥ ಗುರುತು ಕಾಣಬೇಕು. ಮೊಡವೆಯಂತೆ ಕಂಡರೆ ಬೆಳಕು ಕತ್ತಲೆ ಅದಲುಬದಲಾಗಿವೆ. ಏನೂ ಕಾಣದಿದ್ದರೆ ಗಾಬರಿಯಾಗಬೇಕಿಲ್ಲ, ಲೋಹ ಬಂದಾಗ ಎದ್ದು ಕಾಣುತ್ತದೆ. ಎದ್ದು ಹೊಡೆಯುವಂತೆ ಕಂಡರೆ ಲೇಯರಿನ ಅಪಾರದರ್ಶಕತೆಯನ್ನು ಇಳಿಸಿ. ಈ ಪರೀಕ್ಷೆಯನ್ನು ಚಿತ್ರ ನೆಟ್ಟಗಿರುವಾಗಲೇ ಮಾಡಬೇಕು. ನಮ್ಮ ಮಿದುಳು ಬೆಳಕು ಮೇಲಿನಿಂದ ಬರುತ್ತದೆ ಎಂದೇ ಭಾವಿಸುವುದರಿಂದ, ಕ್ಯಾನ್ವಾಸನ್ನು ತಲೆಕೆಳಗು ಮಾಡಿದರೆ ಸರಿಯಾದ ತಗ್ಗೂ ಉಬ್ಬಾಗಿ ಕಾಣುತ್ತದೆ. ಎಡಬಲ ತಿರುಗಿಸಿ ನೋಡಲು `M` ಒತ್ತಬಹುದು, ಅದರಿಂದ ತೊಂದರೆಯಿಲ್ಲ.

ತೊಟ್ಟವರ ವಯಸ್ಸಿನಿಂದಲೂ ಸ್ವಲ್ಪ ವ್ಯತ್ಯಾಸವಾಗುತ್ತದೆ. ಹತ್ತಾರು ವರ್ಷ ಮೂಗುತಿ ತೊಟ್ಟವರಲ್ಲಿ ಸುತ್ತಲಿನ ಚರ್ಮ ಕೊಂಚ ಕಪ್ಪಾಗಿ ತಗ್ಗು ನೆಲೆಯಾಗಿರುತ್ತದೆ, ಹೊಸದಾಗಿ ಚುಚ್ಚಿಸಿದವರಲ್ಲಿ ಅದೇ ಜಾಗ ಕೆಂಪಾಗಿರುತ್ತದೆ.

ನೆರಳು

ಮೂಗುತಿಯ ನೆರಳು ಎರಡು ಬಗೆ, ಅವನ್ನು ಬೆರೆಸಬಾರದು. ಮೊದಲನೆಯದು ಲೋಹ ಚರ್ಮಕ್ಕೆ ತಾಗುವ ಸಂದಿನ ಕತ್ತಲೆ. ಅಲ್ಲಿಗೆ ಯಾವ ಕಡೆಯಿಂದಲೂ ಬೆಳಕು ಹೋಗುವುದಿಲ್ಲ. ಆದ್ದರಿಂದ ಅದು ಮೂಗುತಿಯ ಸುತ್ತ ಬಹುತೇಕ ಎಲ್ಲೆಡೆ ಇರುತ್ತದೆ. ಬಣ್ಣ `#3E1F17`, ಅಗಲ ಒಂದರಿಂದ ಎರಡು ಪಿಕ್ಸೆಲ್. ಬಲ ಕೆಳಗೆ ದಪ್ಪವಾಗಿ, ಎಡ ಮೇಲೆ ಕೂದಲೆಳೆಯಷ್ಟು ತೆಳ್ಳಗಾಗಿ, ಒಂದೆರಡು ಕಡೆ ಕಡಿದುಹೋದರೂ ಸರಿಯೇ. ಕೈವಾರದಿಂದ ಬರೆದಂತೆ ಒಂದೇ ದಪ್ಪದ ಗೆರೆ ಬಂದರೆ ಮೂಗುತಿ ವ್ಯಂಗ್ಯಚಿತ್ರದ್ದಾಗಿಬಿಡುತ್ತದೆ.

ಎರಡನೆಯದು ಚರ್ಮದ ಮೇಲೆ ಬೀಳುವ ನೆರಳು. ಇದು ಬಲ ಕೆಳಕ್ಕೆ ಮಾತ್ರ. ಅರ್ಧಗೋಳದಂಥ ಮೂಗುತಿಗೆ ಬೆಳಕು 45 ಡಿಗ್ರಿ ಓರೆಯಾಗಿ ಬಿದ್ದರೆ, ನೆರಳು ಅದರ ಅಂಚಿನಿಂದ ಹೊರಗೆ ಚಾಚುವುದು ಅರ್ಧವ್ಯಾಸದ ಐದನೇ ಎರಡು ಭಾಗದಷ್ಟು. ನಮ್ಮ ಅರ್ಧವ್ಯಾಸ 12 ಪಿಕ್ಸೆಲ್, ನೆರಳು ಐದು ಪಿಕ್ಸೆಲ್. ಇಷ್ಟು ಚಿಕ್ಕದೇ ಎಂದು ಅನುಮಾನ ಬರುತ್ತದೆ, ಆದರೆ ಹತ್ತು ಹದಿನೈದು ಪಿಕ್ಸೆಲ್ ನೆರಳು ಕೊಟ್ಟರೆ ಮೂಗುತಿ ಚರ್ಮದಿಂದ ಎದ್ದು ಗಾಳಿಯಲ್ಲಿ ನಿಂತುಬಿಡುತ್ತದೆ. ಕಿಟಕಿಯ ಬೆಳಕಾದ್ದರಿಂದ ನೆರಳಿನ ಹೊರ ಅಂಚನ್ನು ಮೃದುಗೊಳಿಸಿ, ಬಿಸಿಲಾದರೆ ಗಟ್ಟಿಯಾಗಿ ಬಿಡಿ. ಎಷ್ಟು ಮೃದು ಎಂಬುದಕ್ಕೆ ಅದೇ ಚಿತ್ರದಲ್ಲಿ ಮೂಗು ತುಟಿಯ ಮೇಲೆ ಬೀಳಿಸಿದ ನೆರಳನ್ನು ನೋಡಿ. ಮೂಗುತಿ ಚರ್ಮಕ್ಕೆ ಹತ್ತಿರವಿರುವುದರಿಂದ ಅದರ ನೆರಳು ಇದಕ್ಕಿಂತ ಸ್ವಲ್ಪ ಚೂಪಾಗಿರುತ್ತದೆ.

ಲೋಹ

ಈಗ ಲೋಹದ ಲೇಯರನ್ನು ತೋರಿಸಿ, ಅದರ ಬೂದು ವೃತ್ತದ ಹೊರಗೆ ಬಣ್ಣ ಹೋಗದಂತೆ ಲೇಯರಿನ ಪಕ್ಕದ ಆಲ್ಫಾ ಬೀಗವನ್ನು ಹಾಕಿಕೊಳ್ಳಿ.

ಹೊಳಪಿಸಿದ ಚಿನ್ನಕ್ಕೆ ಚರ್ಮಕ್ಕಿರುವಂಥ ಮೈಬಣ್ಣ ಇಲ್ಲ. ಅದು ಸುತ್ತಲಿನ ಕೋಣೆಯನ್ನು ಹಳದಿ ಬಣ್ಣದಲ್ಲಿ ತೋರಿಸುವ ಪುಟ್ಟ ಉಬ್ಬುಕನ್ನಡಿ. ಆದ್ದರಿಂದ ಎಡ ಮೇಲಿನ ಬೆಳಕಿನಿಂದ ಬಲ ಕೆಳಗಿನ ಕತ್ತಲಿಗೆ ನಯವಾಗಿ ಬಣ್ಣ ಇಳಿಸಿದರೆ ಅದು ಪ್ಲಾಸ್ಟಿಕ್ ಮಣಿ ಅಥವಾ ಮುತ್ತು ಆಗುತ್ತದೆಯೇ ಹೊರತು ಚಿನ್ನವಾಗುವುದಿಲ್ಲ. ಚಿನ್ನದಲ್ಲಿ ಗಾಢವಾದ ಕಂದು ಮತ್ತು ತಿಳಿಹಳದಿ ಪಕ್ಕಪಕ್ಕದಲ್ಲೇ, ನಡುವೆ ಹೆಚ್ಚು ಮೆಟ್ಟಿಲಿಲ್ಲದೆ ಇರುತ್ತವೆ.

ಇಷ್ಟು ಚಿಕ್ಕ ಜಾಗಕ್ಕೆ ನಾಲ್ಕು ಬಣ್ಣ ಸಾಕು. ಪೂರ್ತಿ ವೃತ್ತಕ್ಕೆ `#B8862B` ತುಂಬಿ. ಎಡ ಮೇಲಿನ ಅರ್ಧದಲ್ಲಿ `#E9C766` ನ ಒಂದು ತೇಪೆ ಇಡಿ, ಅದು ಕಿಟಕಿಯ ಸುತ್ತಲಿನ ಬೆಳಗಿದ ಗೋಡೆ. ನಡುವಿನಿಂದ ಸ್ವಲ್ಪ ಬಲ ಕೆಳಗೆ `#5A3A12` ನ ಬಾಗಿದ ಪಟ್ಟಿ ಎಳೆಯಿರಿ, ಅದು ಕೋಣೆಯ ಕತ್ತಲೆ ಭಾಗ. ಈ ಪಟ್ಟಿ ಅಂಚಿನವರೆಗೂ ಹೋಗಬಾರದು. ಅಂಚಿನ ಎರಡು ಪಿಕ್ಸೆಲಿನಲ್ಲಿ ಕೆನ್ನೆಯ ಮತ್ತು ಹೊಳ್ಳೆಯ ಚರ್ಮ ಪ್ರತಿಫಲಿಸುತ್ತದೆ, ಅಲ್ಲಿ `#A65A2A` ನಂಥ ಕೆಂಗಂದು ಇರಲಿ. ಲೋಹ ಅದೇ ಮುಖದ ಮೇಲಿದೆ ಎಂದು ಕಣ್ಣಿಗೆ ತಿಳಿಸುವುದು ಈ ಕೆಂಪಂಚು. ಅಂಗಡಿಯ ಜಾಹೀರಾತಿನಿಂದ ಮೂಗುತಿಯನ್ನು ಕತ್ತರಿಸಿ ತಂದು ಅಂಟಿಸಿದಾಗ ಹೊಂದದಿರುವುದಕ್ಕೆ ಮುಖ್ಯ ಕಾರಣವೂ ಇದೇ. ಆ ಮೂಗುತಿ ಪ್ರತಿಫಲಿಸುತ್ತಿರುವುದು ಸ್ಟುಡಿಯೋದ ಬಿಳಿ ಹಾಳೆಯನ್ನು.

ನಮ್ಮ ಮೈಸೂರು ಶೈಲಿಯ ಚಿತ್ರಕಾರರಿಗೆ ಈ ಕಷ್ಟವಿರಲಿಲ್ಲ. ಅವರು ಒಡವೆಯನ್ನು ತೆಳುವಾಗಿ ಉಬ್ಬಿಸಿ ಅದರ ಮೇಲೆ ನಿಜವಾದ ಚಿನ್ನದ ರೇಕನ್ನೇ ಹಚ್ಚುತ್ತಾರೆ, ಕೋಣೆಯ ಬೆಳಕೇ ಬಂದು ಅದನ್ನು ಹೊಳೆಯಿಸುತ್ತದೆ. ಪರದೆಯ ಮೇಲೆ ಕೆಲಸ ಮಾಡುವ ನಾವು ಕೋಣೆಯನ್ನೂ ಬರೆಯಬೇಕು.

ಹೊಳಪು

ಕೊನೆಯ ಲೇಯರ್. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಎಲ್ಲಿ, ಎಷ್ಟು ದೊಡ್ಡದು, ಯಾವ ಆಕಾರ.

ಎಲ್ಲಿ ಎಂಬುದಕ್ಕೆ ಉತ್ತರ ಅಂಚಿನಲ್ಲಲ್ಲ. ಹೊಳಪು ಬೀಳುವುದು ಬೆಳಕಿನ ದಿಕ್ಕಿಗೂ ನೋಡುವವರ ದಿಕ್ಕಿಗೂ ನಡುಮಧ್ಯದ ಕಡೆಗೆ ಮುಖಮಾಡಿದ ಬಿಂದುವಿನಲ್ಲಿ. ಬೆಳಕು ನಮ್ಮ ನೋಟದಿಂದ 45 ಡಿಗ್ರಿ ಓರೆಯಿದ್ದರೆ, ಗೋಳದ ಮೇಲೆ ಹೊಳಪು ಕೇಂದ್ರದಿಂದ ಅರ್ಧವ್ಯಾಸದ ಐದನೇ ಎರಡು ಭಾಗದಷ್ಟೇ ದೂರ ಇರುತ್ತದೆ. ನಮ್ಮ ಮೂಗುತಿಯಲ್ಲಿ ಕೇಂದ್ರದಿಂದ ಎಡ ಮೇಲಕ್ಕೆ ಐದು ಪಿಕ್ಸೆಲ್. ಬೆಳಕು ಪೂರ್ತಿ ಪಕ್ಕದಿಂದ ಬಂದರೂ ಅದು ಅರ್ಧವ್ಯಾಸದ ಶೇಕಡ 70ರಷ್ಟು ದೂರಕ್ಕೆ ಮಾತ್ರ ಸರಿಯುತ್ತದೆ. ಅಂಚಿಗೆ ಅಂಟಿದ ಹೊಳಪು ಹಿಂದಿನಿಂದ ಬರುವ ಬೆಳಕಿನದು.

ಎಷ್ಟು ದೊಡ್ಡದು, ಯಾವ ಆಕಾರ ಎಂಬುದನ್ನು ಕಣ್ಣು ಹೇಳುತ್ತದೆ. ಕಣ್ಣಿನಲ್ಲಿ ಕಾಣುವ ಬೆಳಕಿನ ಚುಕ್ಕೆ ಅದೇ ಕಿಟಕಿಯ ಪ್ರತಿಬಿಂಬ. ಉಬ್ಬುಕನ್ನಡಿಯಲ್ಲಿ ದೂರದ ವಸ್ತುವಿನ ಬಿಂಬದ ಗಾತ್ರ ಕನ್ನಡಿಯ ಬಾಗಿನ ತ್ರಿಜ್ಯಕ್ಕೆ ಅನುಗುಣವಾಗಿರುತ್ತದೆ. ಕಣ್ಣಿನ ಪಾರದರ್ಶಕ ಪೊರೆಯ ಬಾಗಿನ ತ್ರಿಜ್ಯ ಸುಮಾರು 7.8 ಮಿಲಿಮೀಟರ್, ನಮ್ಮ ಮೂಗುತಿಯದು ಒಂದೂವರೆ. ಅಂದರೆ ಮೂಗುತಿಯ ಹೊಳಪು ಕಣ್ಣಿನ ಚುಕ್ಕೆಯ ಐದನೇ ಒಂದು ಭಾಗ. ಈ ಚಿತ್ರದಲ್ಲಿ ಕಣ್ಣಿನ ಚುಕ್ಕೆ 20 ಪಿಕ್ಸೆಲ್ ಎತ್ತರದ ಓರೆ ಆಯತವಾಗಿದ್ದರೆ, ಮೂಗುತಿಯ ಹೊಳಪು ನಾಲ್ಕು ಪಿಕ್ಸೆಲಿನ ಓರೆ ಆಯತ. ವೃತ್ತದ ತುಂಬ ಹರಡುವ ಬಿಳಿಗೆ ಇಲ್ಲಿ ಜಾಗವೇ ಇಲ್ಲ. ಮೂಗುತಿ ಅರ್ಧಗೋಳವಲ್ಲದೆ ಚಪ್ಪಟೆ ಗುಮ್ಮಟದಂತಿದ್ದರೆ ಬಾಗು ಕಡಿಮೆ, ತ್ರಿಜ್ಯ ಹೆಚ್ಚು. ಆಗ ಹೊಳಪು ಅದಕ್ಕೆ ತಕ್ಕಂತೆ ದೊಡ್ಡದಾಗುತ್ತದೆ.

ಬಣ್ಣ `#FFF4CF`. ಲೋಹ ತಾನು ಪ್ರತಿಫಲಿಸುವ ಬೆಳಕಿಗೂ ತನ್ನ ಬಣ್ಣ ಹಚ್ಚುತ್ತದೆ, ಹಾಗಾಗಿ ಚಿನ್ನದ ಹೊಳಪಿನಲ್ಲಿ ಹಳದಿಯ ಸುಳಿವು ಇರಬೇಕು. ಗಟ್ಟಿ ಅಂಚಿನ `b) Basic-5 Size` ಬ್ರಷ್ಷಿನಿಂದ ಒಂದೇ ಸಲ ಒತ್ತಿ ಬಿಡಿ, ಉಜ್ಜಬೇಡಿ. ಅಂಚನ್ನು ಮಸುಕು ಮಾಡಿದರೆ ಒರಟು ಲೋಹವಾಗುತ್ತದೆ. ಬೇಕೆನಿಸಿದರೆ ಬಲ ಕೆಳಗಿನ ಕೆಂಪಂಚಿನ ಪಕ್ಕದಲ್ಲಿ ಒಂದೇ ಪಿಕ್ಸೆಲಿನ ಮಸುಕು ಬೆಳಕು ಕೊಡಬಹುದು. ನಾಲ್ಕೂ ಕಡೆ ಕಿರಣ ಚಿಮ್ಮುವ ನಕ್ಷತ್ರ ಬೇಡವೇ ಬೇಡ, ಅದು ಮುಖವನ್ನು ಜಾಹೀರಾತು ಮಾಡುತ್ತದೆ.

ಮುಗಿದ ಮೇಲೆ ದೂರ ಸರಿದು ನೋಡಿ. ನೋಟ ಮೊದಲು ಕಣ್ಣಿಗೆ ಹೋಗಬೇಕು, ಆಮೇಲೆ ಮೂಗುತಿಗೆ. ಮೊದಲೇ ಮೂಗುತಿಗೆ ಹೋದರೆ ಹೊಳಪಿನ ಬಿಳುಪನ್ನು ತಗ್ಗಿಸುವುದಕ್ಕಿಂತ ಅದರ ಗಾತ್ರವನ್ನು ಒಂದು ಪಿಕ್ಸೆಲ್ ಕಡಿಮೆ ಮಾಡಿ. ಬಿಳುಪು ತಗ್ಗಿದರೆ ಚಿನ್ನ ಸತ್ತುಹೋಗುತ್ತದೆ, ಗಾತ್ರ ತಗ್ಗಿದರೆ ಹರಿತವಾಗುತ್ತದೆ.

ಹರಳು, ಮುತ್ತು, ರಿಂಗ್

ಬಿಳಿ ಹರಳಿನಲ್ಲಿ ಹೊಳಪು ಬೆಳಕಿನದೇ ಬಣ್ಣದ್ದು, ಹಳದಿ ಸೇರಿಸಬಾರದು. ಹರಳಿನ ಮುಖಗಳು ಚಪ್ಪಟೆ, ಒಂದೊಂದೂ ಒಂದೊಂದು ದಿಕ್ಕಿಗೆ. ಹಾಗಾಗಿ ಕೆಲವು ಕಡುಕಪ್ಪು, ಕೆಲವು ಬೂದು, ಒಂದೋ ಎರಡೋ ಅಪ್ಪಟ ಬಿಳಿ. ಹಲವು ಹರಳುಗಳ ಬೇಸರಿಯಲ್ಲಿ ಒಂದೆರಡು ಹರಳು ಮಾತ್ರ ಮಿಂಚಲಿ, ಉಳಿದವು ಬೂದಾಗಿಯೇ ಇರಲಿ. ಎಲ್ಲವೂ ಮಿಂಚಿದರೆ ಬಿಳಿ ಚುಕ್ಕೆಗಳ ಗುಂಪು ಮಾತ್ರ ಉಳಿಯುತ್ತದೆ. ಮುತ್ತಿನಲ್ಲಿ ಮಾತ್ರ, ಚಿನ್ನದಲ್ಲಿ ಬೇಡವೆಂದ ಆ ನಯವಾದ ಇಳಿತ ಸರಿಯಾದದ್ದು.

ರಿಂಗಿನ ಲೆಕ್ಕ ಬೇರೆ. ಎಂಟು ಮಿಲಿಮೀಟರ್ ಒಳವ್ಯಾಸದ ರಿಂಗ್ ನಮ್ಮ ಅಳತೆಯಲ್ಲಿ 64 ಪಿಕ್ಸೆಲ್, ತಂತಿಯ ದಪ್ಪ ಏಳೆಂಟು ಪಿಕ್ಸೆಲ್. ಮೊದಲು ಪೂರ್ತಿ ರಿಂಗ್ ಬರೆದು, ಆಮೇಲೆ ಹೊಳ್ಳೆಯ ಒಳಗೆ ಹೋಗುವ ಭಾಗವನ್ನು ಅಳಿಸಿ. ಹೊರಗೆ ಉಳಿಯುವುದು ತೂತಿನಿಂದ ಹೊರಟು, ಹೊಳ್ಳೆಯ ಅಂಚನ್ನು ಬಳಸಿ ಕೆಳಗೆ ಮರೆಯಾಗುವ ಒಂದು ಬಿಲ್ಲು. ಹೊಳ್ಳೆಯ ಅಂಚಿನ ಮೇಲೆ ಅಡ್ಡಲಾಗಿ ಬಿದ್ದ ಪೂರ್ಣ ವೃತ್ತ ಉಳಿದಿದ್ದರೆ ಅದು ತೂರಿಲ್ಲ, ನೇತಾಡುತ್ತಿದೆ ಅಷ್ಟೇ.

ರಿಂಗಿನ ತಗ್ಗು ಇರುವುದು ತೂತಿನ ಬಾಯಲ್ಲಿ. ಭಾರ ಕೆಳಗೆ ಜಗ್ಗುವುದರಿಂದ ತಂತಿ ತೂತಿನ ಕೆಳ ಅಂಚಿನ ಮೇಲೆ ಕೂರುತ್ತದೆ, ಮೇಲೆ ಕೂದಲೆಳೆಯಷ್ಟು ಕಪ್ಪು ಸಂದು ಉಳಿಯುತ್ತದೆ. ಆದ್ದರಿಂದ ತಂತಿಯ ಮೇಲ್ಗಡೆ ಎರಡು ಪಿಕ್ಸೆಲಿನ ಗಾಢ ಚುಕ್ಕೆ, ಕೆಳಗಡೆ ಅದುಮಿದ ಚರ್ಮದ ಸಣ್ಣ ನೆರಿಗೆ. ಉತ್ತರ ಕರ್ನಾಟಕದ ಮದುವೆಗಳಲ್ಲಿ ತೊಡುವ ಮುತ್ತಿನ ನತ್ತಿನಂಥ ಭಾರದ ಒಡವೆಯಾದರೆ ತೂತು ಉದ್ದುದ್ದಕ್ಕೆ ಸ್ವಲ್ಪ ಹಿಗ್ಗಿರುತ್ತದೆ. ಅಲ್ಲಿ ಚರ್ಮ ಕೆಳಕ್ಕೆ ಎಳೆದಿರುವುದು ಕಾಣಬೇಕು.

ರಿಂಗಿನ ಹೊಳಪು ಎರಡು ಕಡೆ ಬರುತ್ತದೆ: ಬೆಳಕಿನ ಕಡೆಗಿರುವ ಭಾಗದಲ್ಲಿ ತಂತಿಯ ಹೊರಮೈ ಮೇಲೆ, ಎದುರು ಭಾಗದಲ್ಲಿ ತಂತಿಯ ಒಳಮೈ ಮೇಲೆ. ನಮ್ಮ ಬೆಳಕಿಗೆ ಎಡ ಮೇಲಿನ ಬಾಗಿನ ಹೊರ ಅಂಚಿನಲ್ಲಿ ಒಂದು ಗಿಡ್ಡ ಗೆರೆ, ಬಲ ಕೆಳಗಿನ ಬಾಗು ಕಾಣುತ್ತಿದ್ದರೆ ಅದರ ಒಳ ಅಂಚಿನಲ್ಲಿ ಇನ್ನೂ ಗಿಡ್ಡದೊಂದು. ತಂತಿಯ ಉದ್ದಕ್ಕೂ ಬಿಳಿ ಗೆರೆ ಎಳೆದರೆ ತಂತಿ ಚಪ್ಪಟೆ ಪಟ್ಟಿಯಾಗುತ್ತದೆ.

ಕೊಡುವ ಮುನ್ನ

ಫೋಟೋದ ಮೇಲೆಯೇ ಕೆಲಸ ಮಾಡಿದ್ದರೆ, ಫೋಟೋದಲ್ಲಿರುವ ಕಾಳುಕಾಳಾದ ಮಬ್ಬು ನಿಮ್ಮ ಮೂಗುತಿಯಲ್ಲಿ ಇರುವುದಿಲ್ಲ, ಅದು ತೀರಾ ಸ್ವಚ್ಛವಾಗಿ ಕಂಡು ಸಿಕ್ಕಿಬೀಳುತ್ತದೆ. ಹಳೆಯ ಫೋಟೋಗಳಲ್ಲಿ ಇದು ಹೆಚ್ಚು. ಮೂಗುತಿಯ ಲೇಯರುಗಳನ್ನು ಪ್ರತಿ ಮಾಡಿ ಒಂದಾಗಿ ಸೇರಿಸಿ, ಅರ್ಧ ಪಿಕ್ಸೆಲಿನಷ್ಟು `Gaussian Blur` ಕೊಟ್ಟು, ಮೇಲೆ ಸ್ವಲ್ಪ ಕಾಳು ಸೇರಿಸಿ ಸುತ್ತಲಿನ ಚರ್ಮಕ್ಕೆ ಹೊಂದಿಸಿ.

ಚಿತ್ರವನ್ನು ಹತ್ತು ಅಂಗುಲ ಅಗಲಕ್ಕೆ ಮುದ್ರಿಸಿದರೆ ಈ ಮೂಗುತಿ ಸುಮಾರು ಎರಡೂವರೆ ಮಿಲಿಮೀಟರ್ ಆಗುತ್ತದೆ, ತಗ್ಗು ಹೊಳಪು ಎರಡೂ ಕಾಣುತ್ತವೆ. ಮೊಬೈಲಿಗೆ 600 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಮೂಗುತಿಗೆ ಉಳಿಯುವುದು ಆರು ಪಿಕ್ಸೆಲ್, ತಗ್ಗು ಬಹುತೇಕ ಕರಗಿಹೋಗುತ್ತದೆ. ಮೊಬೈಲಿನಲ್ಲಿ ಕಾಣಲಿ ಎಂದು ಮೂಲ ಚಿತ್ರದ ತಗ್ಗನ್ನು ಗಾಢ ಮಾಡಬೇಡಿ, ಮುದ್ರಣದಲ್ಲಿ ಅದು ಗಾಯವಾಗಿ ಕಾಣುತ್ತದೆ.

ಲೇಯರುಗಳನ್ನು ಕರಗಿಸದೆ ಒಂದು ಪ್ರತಿ ಉಳಿಸಿಕೊಳ್ಳಿ, ಏಕೆಂದರೆ "ಅದು ಎಡಗಡೆ ಇತ್ತು" ಎಂಬ ಕರೆ ಬರಬಹುದು. ಹಾಗೆ ಬಂದಾಗ ಮೂಗುತಿಯ ಗುಂಪನ್ನು ಕನ್ನಡಿ ತಿರುಗಿಸಿ ಆಚೆ ಹೊಳ್ಳೆಗೆ ಎಳೆದಿಟ್ಟರೆ ಆಗುವುದಿಲ್ಲ. ತಿರುಗಿಸಿದಾಗ ಹೊಳಪೂ ನೆರಳೂ ತಿರುಗಿ, ಕಿಟಕಿ ಬಲಗಡೆ ಇದ್ದಂತಾಗುತ್ತದೆ. ತಿರುಗಿಸದೆ ಸರಿಸಿದರೂ ಸಾಲದು, ಅರೆ ತಿರುಗಿದ ಮುಖದಲ್ಲಿ ಆಚೆ ಹೊಳ್ಳೆ ನಮ್ಮಿಂದ ಮರೆಯಾಗುತ್ತಿದ್ದು ಮೂಗುತಿಯ ಒಂದು ಅಂಚು ಮಾತ್ರ ಹೊರಗೆ ಇಣುಕುತ್ತದೆ. ಆ ಕಡೆ ಮೂಗಿನ ನೆರಳಿನಲ್ಲಿರುವುದರಿಂದ ಕಿಟಕಿಯ ಹೊಳಪೂ ಇರುವುದಿಲ್ಲ. ಕಡುಕಂದು ಲೋಹ, ಅದರ ಅಂಚಿನಲ್ಲಿ ಆಚೆ ಗೋಡೆಯಿಂದ ಬಂದ ಒಂದು ಮಂದ ಗೆರೆ, ಇಷ್ಟನ್ನು ಹೊಸದಾಗಿ ಬರೆಯಬೇಕು.